ಒಂದೇ ಬೋರ್‌ವೆಲ್ ನೀರು, ಎರಡು ಉತ್ತರ: ಕ್ಯಾಲಿಬ್ರೇಶನ್ ಗೆರೆಯನ್ನು ಎಲ್ಲಿಯವರೆಗೆ ನಂಬಬೇಕು?

ಪ್ರಶ್ನೆ: ಸರ್, ನಾನು ಉಡುಪಿ ಕಡೆಯವಳು, ಬಿಎಸ್ಸಿ ಕೊನೆ ವರ್ಷ. ಪ್ರಾಜೆಕ್ಟಿಗೆ ನಮ್ಮ ಮನೆ ಬೋರ್‌ವೆಲ್ ನೀರಿನ ಕಬ್ಬಿಣ ಅಳೆಯುತ್ತಿದ್ದೇನೆ. ಫಿನಾಂತ್ರೋಲೀನ್ ವಿಧಾನ, 510 ನ್ಯಾನೊಮೀಟರ್, 1 ಸೆಂ.ಮೀ. ಕ್ಯುವೆಟ್. ಡಿಸ್ಟಿಲ್ಡ್ ವಾಟರ್ ಇಟ್ಟು ಸೊನ್ನೆ ಮಾಡಿಕೊಂಡೆ. ಎಲ್ಲವೂ 50 ಮಿ.ಲೀ. ಫ್ಲಾಸ್ಕಿನಲ್ಲಿ, ಪ್ರತಿಯೊಂದಕ್ಕೂ 0.1% ಫಿನಾಂತ್ರೋಲೀನ್ 4 ಮಿ.ಲೀ. ಲೀಟರಿಗೆ 0, 1, 2, 3, 4 ಮಿ.ಗ್ರಾಂ ಸ್ಟ್ಯಾಂಡರ್ಡ್‌ಗಳಿಗೆ 0.006, 0.204, 0.401, 0.605, 0.799 ಬಂತು. ನಮ್ಮ ನೀರು 40 ಮಿ.ಲೀ. ಹಾಕಿದಾಗ 1.470, ಲೆಕ್ಕಕ್ಕೆ ಲೀಟರಿಗೆ 9.2 ಮಿ.ಗ್ರಾಂ. 10 ಮಿ.ಲೀ. ಹಾಕಿದಾಗ 0.483, ಲೆಕ್ಕಕ್ಕೆ 12. R² 0.9999 ಇದೆ, ಅಂದ್ರೆ ಗೆರೆ ಸರಿ ಇದೆ ಅಲ್ವಾ? ಮತ್ತೆ ಯಾಕೆ ಎರಡು ಉತ್ತರ? ಗೆರೆಯನ್ನು ಸೊನ್ನೆಯಿಂದಲೇ ಎಳೀಬೇಕು ಅಂತ ಒಬ್ಬರು ಹೇಳ್ತಾರೆ, ಹೌದಾ? ಫಿಲ್ಟರ್ ಆದ ನೀರು 40 ಮಿ.ಲೀ.ಗೆ ಬರೀ 0.018 ತೋರಿಸುತ್ತೆ. ಅದನ್ನು ನಂಬಬಹುದಾ?

ಉತ್ತರ: 12 ಬರೆಯಿರಿ. ಆದರೆ ಬರೆಯುವ ಮೊದಲು 5 ಮಿ.ಲೀ. ನೀರಿನಿಂದ ಇನ್ನೊಂದು ಫ್ಲಾಸ್ಕ್ ಮಾಡಿ ನೋಡಿ. 0.243ರ ಆಸುಪಾಸು ಬರಬೇಕು. ಬಂದರೆ 12 ಗಟ್ಟಿ. 9.2ನ್ನು ಮಾತ್ರ ಹೊಡೆದು ಹಾಕಬೇಡಿ, ನೋಟ್‌ಬುಕ್ಕಿನಲ್ಲಿ ಇರಲಿ. ನಿಮ್ಮ ಪ್ರಾಜೆಕ್ಟಿನಲ್ಲಿ ಕಲಿಯೋಕೆ ಜಾಸ್ತಿ ಇರುವುದು ಅದರಲ್ಲೇ.

ಮೊದಲು ಅಬ್ಸಾರ್ಬೆನ್ಸ್ ಅನ್ನುವ ಸಂಖ್ಯೆಯನ್ನೇ ಸ್ವಲ್ಪ ನೋಡೋಣ. ಒಂದು ಬಣ್ಣದ ದ್ರಾವಣ 1 ಸೆಂ.ಮೀ. ದಪ್ಪಕ್ಕೆ ಅರ್ಧ ಬೆಳಕನ್ನು ತಿನ್ನುತ್ತದೆ ಅಂದುಕೊಳ್ಳಿ. 100 ಪಾಲು ಒಳಗೆ ಹೋದರೆ 50 ಪಾಲು ಹೊರಗೆ ಬರುತ್ತದೆ. ಅದರ ಹಿಂದೆ ಇನ್ನೊಂದು ಸೆಂ.ಮೀ. ಇಟ್ಟರೆ ಉಳಿದ 50 ಪೂರ್ತಿ ಹೋಗುವುದಿಲ್ಲ, ಅದರ ಅರ್ಧ ಹೋಗುತ್ತದೆ. 25 ಉಳಿಯುತ್ತದೆ. ಮೂರನೆಯದಕ್ಕೆ 12.5. ಹೀಗೆ ಬೆಳಕು ಅರ್ಧ, ಅದರರ್ಧ, ಅದರರ್ಧ ಅಂತ ಇಳಿಯುತ್ತದೆ. ಇದನ್ನು ಹಾಗೇ ಗ್ರಾಫ್ ಹಾಕಿದರೆ ಗೆರೆ ಬಾಗುತ್ತದೆ. ಲಾಗರಿದಮ್ ತೆಗೆದರೆ 0.301, 0.602, 0.903 ಅಂತ ಸಮ ಮೆಟ್ಟಿಲಾಗುತ್ತದೆ. ಆ ಮೆಟ್ಟಿಲೇ ಅಬ್ಸಾರ್ಬೆನ್ಸ್.

ದಪ್ಪದ ಈ ಲೆಕ್ಕವನ್ನು 1729ರಲ್ಲಿ ಬೂಗೇರ್, 1760ರಲ್ಲಿ ಲ್ಯಾಂಬರ್ಟ್ ಹೇಳಿದ್ದರು. ಸಾಂದ್ರತೆಯೂ ಹಾಗೇ ನಡೆದುಕೊಳ್ಳುತ್ತದೆ ಅನ್ನುವುದು ಬಂದದ್ದು 1852ರಲ್ಲಿ, ಬಿಯರ್ ಅವರಿಂದ. ಎರಡೂ ಸೇರಿ ಹೀಗೆ:

```
A = ε l c
```

l ಅಂದರೆ ಬೆಳಕು ದ್ರಾವಣದೊಳಗೆ ಸಾಗುವ ದೂರ, c ಸಾಂದ್ರತೆ. ε ಆ ಬಣ್ಣದ ಸ್ವಂತ ಗುಣ, ಆ ತರಂಗಾಂತರಕ್ಕೆ ಮಾತ್ರ. ಬೆಳಕಿನ ಕಣ್ಣಿಗೆ l ಮತ್ತು c ಎರಡೂ ಒಂದೇ. ದಾರಿಯಲ್ಲಿ ಎಷ್ಟು ಬಣ್ಣದ ಕಣ ಸಿಗುತ್ತವೆ ಅನ್ನುವುದಷ್ಟೇ ಅದಕ್ಕೆ ಮುಖ್ಯ. 1 ಸೆಂ.ಮೀ.ಯಲ್ಲಿ ಗಟ್ಟಿ ದ್ರಾವಣ, 2 ಸೆಂ.ಮೀ.ಯಲ್ಲಿ ಅದರ ಅರ್ಧ ಸಾಂದ್ರತೆ, ಎರಡಕ್ಕೂ ಅದೇ ಓದು. ಆದರೆ ಫ್ಲಾಸ್ಕಿನೊಳಗಿನ ರಸಾಯನಕ್ಕೆ l ಮತ್ತು c ಒಂದೇ ಅಲ್ಲ. ನಿಮಗೆ ಎರಡು ಉತ್ತರ ಬಂದದ್ದು ಈ ವ್ಯತ್ಯಾಸದಿಂದಲೇ.

ಈಗ ನಿಮ್ಮ ಗೆರೆ. ನಿಮ್ಮ ಐದು ಬಿಂದುಗಳಿಗೆ ಲೀಸ್ಟ್ ಸ್ಕ್ವೇರ್ಸ್ ಹಾಕಿದರೆ ಹೀಗೆ ಬರುತ್ತದೆ:

```
A = 0.1987 c + 0.0056
```

ಯಾವ ಬಿಂದುವೂ ಗೆರೆಯಿಂದ 0.0033ಕ್ಕಿಂತ ಆಚೆ ಇಲ್ಲ. ಇಳಿಜಾರು ಸರಿ ಇದೆಯಾ ಅಂತ ನೋಡಲು ಇನ್ನೊಂದು ದಾರಿ ಇದೆ. 0.1987ನ್ನು ಕಬ್ಬಿಣದ ಪರಮಾಣು ತೂಕ 55.85ರಿಂದ ಗುಣಿಸಿ, 1000ದಿಂದಲೂ ಗುಣಿಸಿ. ಸುಮಾರು 11,100 ಬರುತ್ತದೆ. ಕಬ್ಬಿಣ ಮತ್ತು ಫಿನಾಂತ್ರೋಲೀನಿನ ಕಿತ್ತಳೆಗೆಂಪು ಸಂಯುಕ್ತಕ್ಕೆ ಪಠ್ಯಪುಸ್ತಕಗಳು ಕೊಡುವ ε ಬೆಲೆಯೂ ಇದೇ. ಅಂದರೆ ನಿಮ್ಮ ಸ್ಟಾಕ್ ದ್ರಾವಣ ಸರಿಯಾಗಿದೆ, ಪಿಪೆಟ್ ಕೈ ಚೆನ್ನಾಗಿದೆ, ಕ್ಯುವೆಟ್ ನಿಜಕ್ಕೂ 1 ಸೆಂ.ಮೀ. ಇದೆ. ಈ ಪರೀಕ್ಷೆಯನ್ನು ಯಾರೂ ಮಾಡಿಸುವುದಿಲ್ಲ, ನಾನು ಮಾತ್ರ ಪ್ರತಿ ಹೊಸ ಗೆರೆಗೂ ಮಾಡುತ್ತೇನೆ. ಸ್ಟಾಕ್ ಮಾಡುವಾಗ ತೂಕ ತಪ್ಪಿದ್ದರೆ R² ಅದನ್ನು ಹೇಳುವುದಿಲ್ಲ. ಎಲ್ಲಾ ಬಿಂದುಗಳೂ ಒಟ್ಟಿಗೆ ತಪ್ಪಿದರೆ ಗೆರೆ ನೇರವಾಗಿಯೇ ಇರುತ್ತದೆ, ಬೇರೆ ಕಡೆಗೆ ನೇರ, ಅಷ್ಟೆ.

R² ಬಗ್ಗೆ ಇಷ್ಟು ತಿಳಿದಿದ್ದರೆ ಸಾಕು. 0ಯಿಂದ 4ರವರೆಗೆ ನಿಮ್ಮ ಬಿಂದುಗಳು ನೇರ ಗೆರೆಯ ಹತ್ತಿರ ಇವೆ ಅಂತ ಅದು ಹೇಳುತ್ತದೆ. 4ರಿಂದ ಆಚೆ ಏನಾಗುತ್ತದೆ ಅನ್ನುವುದು ಅದಕ್ಕೆ ಗೊತ್ತಿಲ್ಲ. ನಿಮ್ಮ ಕೊನೆಯ ಸ್ಟ್ಯಾಂಡರ್ಡಿನ ಓದು 0.799. ನೀರಿನ ಓದು 1.470. ಗೆರೆ ಮುಗಿದ ಮೇಲೂ ಅದನ್ನು ಸ್ಕೇಲ್ ಇಟ್ಟು ಎಳೆದ ಹಾಗಾಯಿತು.

ಹಾಗಾದರೆ 1.470 ಯಾಕೆ ಕಡಿಮೆ ಬಂತು? ಸಾಮಾನ್ಯವಾಗಿ ಎಲ್ಲರೂ ಮೆಷಿನ್ ಕಡೆ ಬೆರಳು ತೋರಿಸುತ್ತಾರೆ. ಅದರಲ್ಲಿ ಸ್ವಲ್ಪ ನಿಜ ಇದೆ. 1.470 ಅಂದರೆ 100 ಪಾಲು ಬೆಳಕಿನಲ್ಲಿ 3.4 ಪಾಲು ಮಾತ್ರ ಹೊರಗೆ ಬಂದಿದೆ. ಮೆಷಿನ್ ಒಳಗೆ ಬೇರೆ ತರಂಗಾಂತರದ ದಾರಿತಪ್ಪಿದ ಬೆಳಕು ಅರ್ಧ ಪಾಲು ಇದ್ದರೂ ಡಿಟೆಕ್ಟರ್ 3.9 ಎಂದು ನೋಡುತ್ತದೆ, ಓದು 1.41ಕ್ಕೆ ಇಳಿಯುತ್ತದೆ. ಅದೇ ಅರ್ಧ ಪಾಲು 0.483ರ ಓದಿನಲ್ಲಿ ಕಾಣುವುದೇ ಇಲ್ಲ ಅನ್ನಬಹುದು, ಯಾಕೆಂದರೆ ಅಲ್ಲಿ 33 ಪಾಲು ಬೆಳಕು ಬರುತ್ತಿದೆ. ಮಾಮೂಲಿ ಕಾಲೇಜು ಮೆಷಿನ್ನಿನಲ್ಲಿ ಓದು 0.2ರಿಂದ 0.8ರೊಳಗೆ ಇರುವ ಹಾಗೆ ನೋಡಿಕೊಳ್ಳಿ ಅಂತ ನಾನು ಹೇಳುವುದು ಇದಕ್ಕೇ.

ಆದರೆ ನಿಮ್ಮ ವಿಷಯದಲ್ಲಿ ದೊಡ್ಡ ಪಾಲು ಮೆಷಿನ್ನಿನದಲ್ಲ. ಈ ಲೆಕ್ಕ ನೋಡಿ. ಒಂದು ಕಬ್ಬಿಣಕ್ಕೆ ಮೂರು ಫಿನಾಂತ್ರೋಲೀನ್ ಅಣು ಬೇಕು. ಬಾಟಲಿಯಲ್ಲಿ ಬರುವ ಪುಡಿ ಒಂದು ನೀರಿನ ಅಣು ಸೇರಿದ ರೂಪ, ಅದರ ಅಣುತೂಕ 198. ಮೂರಕ್ಕೆ ಸುಮಾರು 595. ಕಬ್ಬಿಣದ್ದು 56. ಅಂದರೆ ಕಬ್ಬಿಣದ ತೂಕದ ಹತ್ತೂವರೆ ಪಟ್ಟಿಗಿಂತ ತುಸು ಜಾಸ್ತಿ ಫಿನಾಂತ್ರೋಲೀನ್ ಬೇಕು. ನೀವು ಹಾಕಿದ್ದು 0.1% ದ್ರಾವಣ 4 ಮಿ.ಲೀ., ಅದರಲ್ಲಿ ಇರುವುದು 4 ಮಿ.ಗ್ರಾಂ. ಅದು ಹಿಡಿದುಕೊಳ್ಳಬಲ್ಲ ಕಬ್ಬಿಣ ಹೆಚ್ಚೆಂದರೆ 0.376 ಮಿ.ಗ್ರಾಂ. ನಿಮ್ಮ ನೀರಿನಲ್ಲಿ ಲೀಟರಿಗೆ 12 ಮಿ.ಗ್ರಾಂ ಇದ್ದರೆ 40 ಮಿ.ಲೀ.ಯಲ್ಲಿ 0.48 ಮಿ.ಗ್ರಾಂ ಕಬ್ಬಿಣ ಬಂತು. ಫಿನಾಂತ್ರೋಲೀನ್ ಖಾಲಿಯಾಯಿತು, ಉಳಿದ ಕಬ್ಬಿಣ ಬಣ್ಣವಿಲ್ಲದೆ ಸುಮ್ನೆ ಕೂತಿತು.

0.376 ಮಿ.ಗ್ರಾಂ ಕಬ್ಬಿಣ 50 ಮಿ.ಲೀ.ಯಲ್ಲಿ ಅಂದರೆ ಲೀಟರಿಗೆ 7.5 ಮಿ.ಗ್ರಾಂ. ನಿಮ್ಮ 1.470ನ್ನು ಗೆರೆಗೆ ಹಾಕಿದರೆ ಫ್ಲಾಸ್ಕಿನೊಳಗಿನ ಸಾಂದ್ರತೆ 7.4. ಎಷ್ಟು ಹತ್ತಿರ ನೋಡಿ! ಆ ಫ್ಲಾಸ್ಕಿನಲ್ಲಿ ನೀವು ಅಳೆದದ್ದು ಕಬ್ಬಿಣವನ್ನಲ್ಲ, ನೀವೇ ಹಾಕಿದ ಫಿನಾಂತ್ರೋಲೀನನ್ನು. ಸ್ಟ್ಯಾಂಡರ್ಡ್‌ಗಳಲ್ಲಿ ಈ ತೊಂದರೆ ಇರಲಿಲ್ಲ. 4ರ ಸ್ಟ್ಯಾಂಡರ್ಡಿನಲ್ಲೂ ಇರುವುದು 0.2 ಮಿ.ಗ್ರಾಂ ಕಬ್ಬಿಣ ಮಾತ್ರ.

ಇದು ನನ್ನ ಊಹೆ ಅಂತ ಬಿಡಬೇಡಿ, ನೀವೇ ನೋಡಬಹುದು. ಆ 1.470ರ ಬಣ್ಣದ ದ್ರಾವಣದಿಂದ 10 ಮಿ.ಲೀ. ತೆಗೆದು ಡಿಸ್ಟಿಲ್ಡ್ ವಾಟರಿನಿಂದ 50 ಮಿ.ಲೀ.ಗೆ ತನ್ನಿ. ಈಗ ಓದು ಮೆಷಿನ್ನಿಗೆ ಹಿತವಾದ ಜಾಗಕ್ಕೆ ಬರುತ್ತದೆ. ತಪ್ಪು ಬರೀ ಮೆಷಿನ್ನಿನದಾಗಿದ್ದರೆ, ಅಂದರೆ ಬಣ್ಣ ಪೂರ್ತಿ ಬಂದಿದ್ದರೆ, 0.38ರ ಹತ್ತಿರ ಓದಬೇಕು. ಫಿನಾಂತ್ರೋಲೀನ್ ಸಾಲದೆ ಹೋಗಿದ್ದರೆ 0.30ರ ಹತ್ತಿರ ನಿಲ್ಲುತ್ತದೆ. ಬಣ್ಣ ಬಂದ ಮೇಲೆ ತೆಳು ಮಾಡುವುದು ಬೆಳಕಿನ ಸಮಸ್ಯೆಯನ್ನು ಮಾತ್ರ ಬಿಡಿಸುತ್ತದೆ. ಬಣ್ಣ ಬರುವ ಮೊದಲೇ, ನೀರನ್ನೇ ಕಡಿಮೆ ತೆಗೆದುಕೊಂಡರೆ ಬೆಳಕು, ರಸಾಯನ ಎರಡರದ್ದೂ ಬಿಡುತ್ತದೆ. ಒಂದು ಎಚ್ಚರ: ತೆಳು ಮಾಡಲು ಬ್ಲ್ಯಾಂಕ್ ದ್ರಾವಣ ಬಳಸಬೇಡಿ. ಅದರಲ್ಲಿ ಫಿನಾಂತ್ರೋಲೀನ್ ಇದೆ. ಬಣ್ಣ ಸಿಗದೆ ಕೂತಿದ್ದ ಕಬ್ಬಿಣಕ್ಕೆ ಅದು ಸಿಕ್ಕಿಬಿಡುತ್ತದೆ, ಪರೀಕ್ಷೆಗೆ ಅರ್ಥವೇ ಉಳಿಯುವುದಿಲ್ಲ.

ಇಲ್ಲೇ ಕ್ಯುವೆಟ್ ವಿಷಯವೂ ಬರುತ್ತದೆ. ಓದು ಜಾಸ್ತಿ ಬಂದರೆ ಅರ್ಧ ಸೆಂ.ಮೀ. ಕ್ಯುವೆಟ್ ಹಾಕು ಅಂತ ಕೆಲವರು ಹೇಳುತ್ತಾರೆ. ಹಾಕಿದರೆ ನಿಮ್ಮ ಓದು 0.75ಕ್ಕೆ ಬರುತ್ತದೆ, ನೋಡೋಕೆ ಚೆನ್ನಾಗಿಯೇ ಇರುತ್ತದೆ. ಆದರೆ ಉತ್ತರ ಆಗಲೂ 9ರ ಮೇಲೆ ಸ್ವಲ್ಪ, ಅಷ್ಟೇ. l ಕಡಿಮೆ ಮಾಡಿದಿರಿ, c ಹಾಗೇ ಉಳಿಯಿತು, ಫಿನಾಂತ್ರೋಲೀನಿನ ಕೊರತೆಯೂ ಹಾಗೇ ಉಳಿಯಿತು. ಇದು ನನಗೆ ಜಾಸ್ತಿ ಭಯ ಹುಟ್ಟಿಸುವ ತಪ್ಪು. 1.470 ನೋಡಿದವರಿಗೆ ಅನುಮಾನವಾದರೂ ಬರುತ್ತದೆ, 0.75 ನೋಡಿದವರಿಗೆ ಬರುವುದಿಲ್ಲ.

ಫಿನಾಂತ್ರೋಲೀನನ್ನೇ 10 ಮಿ.ಲೀ. ಹಾಕಿ, ಸ್ಟ್ಯಾಂಡರ್ಡ್‌ಗಳನ್ನು 10ರವರೆಗೆ ಏರಿಸುವುದು ಇನ್ನೊಂದು ದಾರಿ. ರಸಾಯನದ ತೊಂದರೆ ಹೋಗುತ್ತದೆ. ಆದರೆ ಓದು 1.9ರವರೆಗೆ ಹೋಗುತ್ತದೆ, ಬೆಳಕಿನ ತೊಂದರೆ ತಲೆ ಎತ್ತುತ್ತದೆ, ಗೆರೆಯ ತುದಿ ಕೆಳಕ್ಕೆ ಬಾಗುತ್ತದೆ. ಹಾಗಾಗಿ ನನ್ನ ಆಯ್ಕೆ ನೀರು ಕಡಿಮೆ ತೆಗೆದುಕೊಳ್ಳುವುದೇ. ಅದಕ್ಕೂ ಒಂದು ಬೆಲೆ ಇದೆ, ಪಿಪೆಟ್ಟಿನ ತಪ್ಪೂ ಗುಣಾಕಾರವಾಗುತ್ತದೆ. 10 ಮಿ.ಲೀ. ತಗೊಂಡರೆ ಉತ್ತರವನ್ನು 5ರಿಂದ ಗುಣಿಸುತ್ತೀರಿ. 1 ಮಿ.ಲೀ. ತಗೊಂಡರೆ 50ರಿಂದ. ಆಗ ಪಿಪೆಟ್ ತುದಿಯಲ್ಲಿ ಉಳಿದ ಒಂದು ಹನಿ ಕೂಡ ಉತ್ತರವನ್ನು ಅಲ್ಲಾಡಿಸುತ್ತದೆ. ನಿಮಗೆ 10 ಮತ್ತು 5 ಸಾಕು:

```
(0.483 - 0.0056) / 0.1987 = 2.40    × 50/10 = 12.0
(0.243 - 0.0056) / 0.1987 = 1.195   × 50/5  = 11.95
```

ಎರಡು ಬೇರೆ ಅಳತೆಯ ನೀರು ಒಂದೇ ಉತ್ತರ ಕೊಟ್ಟರೆ ಗೆರೆಯೊಳಗೆ ಇದ್ದೇವೆ ಅಂತ ಅರ್ಥ. ಒಂದೇ ಫ್ಲಾಸ್ಕನ್ನು ಮೂರು ಸಲ ಓದುವುದಕ್ಕಿಂತ ಇದು ಎಷ್ಟೋ ಮೇಲು. ಮೂರು ಸಲ ಓದಿದರೆ 1.470, 1.471, 1.469 ಅಂತ ಬರುತ್ತದೆ, ಮೂರೂ ಒಟ್ಟಿಗೆ ತಪ್ಪು.

ಈಗ ಸೊನ್ನೆಯ ಪ್ರಶ್ನೆ. ನಿಯಮದಲ್ಲಿ c ಸೊನ್ನೆ ಆದರೆ A ಸೊನ್ನೆ, ಅದು ಸರಿ. ಆದರೆ ನಿಮ್ಮ ಬ್ಲ್ಯಾಂಕ್ 0.006 ಓದಿದೆ. ರೀಏಜೆಂಟುಗಳಲ್ಲಿ ಕಬ್ಬಿಣದ ಸೋಂಕು ಇರಬಹುದು, ಎರಡು ಕ್ಯುವೆಟ್ ಒಂದೇ ಥರ ಇಲ್ಲದಿರಬಹುದು. ಅದು ಇರುವುದು ನಿಜ. ಗೆರೆಯನ್ನು ಬಲವಂತವಾಗಿ ಸೊನ್ನೆಗೆ ಕಟ್ಟಿದರೆ ಆ 0.006 ಮಾಯವಾಗುವುದಿಲ್ಲ, ಇಳಿಜಾರಿನೊಳಗೆ ಸೇರಿಕೊಳ್ಳುತ್ತದೆ. ನಿಮ್ಮ ಅಂಕಿಗಳಿಗೆ ಇಳಿಜಾರು 0.2006 ಆಗುತ್ತದೆ. 0.483ಕ್ಕೆ 12.04 ಬರುತ್ತದೆ, ವ್ಯತ್ಯಾಸವೇ ಗೊತ್ತಾಗುವುದಿಲ್ಲ. ಆದರೆ ಫಿಲ್ಟರ್ ಆದ ನೀರಿನ 0.018ಕ್ಕೆ ಕಟ್ಟದ ಗೆರೆ 0.078 ಅನ್ನುತ್ತದೆ, ಕಟ್ಟಿದ ಗೆರೆ 0.112 ಅನ್ನುತ್ತದೆ. ಸಾಂದ್ರತೆ ಕಡಿಮೆ ಇರುವಲ್ಲಿ ಸೊನ್ನೆಯ ಜಗಳವೇ ಇಡೀ ಉತ್ತರ. ಬ್ಲ್ಯಾಂಕನ್ನು ಒಂದು ಬಿಂದುವಾಗಿ ಸೇರಿಸಿಕೊಳ್ಳಿ, ಗೆರೆ ತನಗೆ ಬೇಕಾದ ಕಡೆ ಅಕ್ಷವನ್ನು ಮುಟ್ಟಲಿ.

0.018ನ್ನು ನಂಬಬಹುದಾ ಅಂದರೆ, ಕಬ್ಬಿಣ ತುಂಬಾ ಇಳಿದಿದೆ ಅನ್ನುವಷ್ಟು ನಂಬಿ, ಅಂಕಿಯನ್ನು ನಂಬಬೇಡಿ. ಕ್ಯುವೆಟ್ಟನ್ನು ಒಮ್ಮೆ ತಿರುಗಿಸಿ ಇಡಿ, ಓದು 0.003 ಅಲ್ಲಾಡುತ್ತದೆ. ಹೊರಗೋಡೆಯ ಮೇಲೆ ಬೆರಳಿನ ಗುರುತು ಇದ್ದರೆ ಇನ್ನೂ ಜಾಸ್ತಿ. 0.003 ಅಂದರೆ ನಿಮ್ಮ ಲೆಕ್ಕದಲ್ಲಿ 0.02 ಮಿ.ಗ್ರಾಂ. ಬ್ಲ್ಯಾಂಕಿಗೂ ಅಷ್ಟೇ ಅಲ್ಲಾಟ ಇದೆ. ಹಾಗಾಗಿ ಉತ್ತರ 0.05ರಿಂದ 0.11ರೊಳಗೆ ಎಲ್ಲಿ ಬೇಕಾದರೂ ಇರಬಹುದು. ಕಬ್ಬಿಣ 0.3 ದಾಟಿದರೆ ಬಟ್ಟೆಗೆ ಕಲೆ ಹಿಡಿಯುತ್ತದೆ. ಆ ಮಟ್ಟಕ್ಕಿಂತ ಕೆಳಗಿದೆ ಅಂತ ಧೈರ್ಯವಾಗಿ ಹೇಳಬಹುದು. 0.078 ಅಂತ ಮೂರು ದಶಮಾಂಶ ಬರೆಯಬಾರದು.

ನಿಖರ ಅಂಕಿ ಬೇಕೇ ಬೇಕು ಅಂದರೆ ಇಲ್ಲಿ ಉದ್ದ ಕ್ಯುವೆಟ್ ನಿಜಕ್ಕೂ ಉಪಯೋಗಕ್ಕೆ ಬರುತ್ತದೆ. ಫಿನಾಂತ್ರೋಲೀನ್ ಬೇಕಾದ್ದಕ್ಕಿಂತ ಎಷ್ಟೋ ಜಾಸ್ತಿ ಇದೆ, ಕೊರತೆ ಇರುವುದು ಬಣ್ಣಕ್ಕೆ. 5 ಸೆಂ.ಮೀ. ಕ್ಯುವೆಟ್ ಹಾಕಿದರೆ ಇಳಿಜಾರು ಐದು ಪಟ್ಟು, ಅಂದರೆ 1ರ ಹತ್ತಿರ ಆಗುತ್ತದೆ. ಅದೇ 0.003ರ ಅಲ್ಲಾಟ ಈಗ 0.004 ಮಿ.ಗ್ರಾಂಗೆ ಇಳಿಯುತ್ತದೆ. ಆದರೆ ಹಳೆಯ ಗೆರೆಯನ್ನೇ 5ರಿಂದ ಗುಣಿಸಿ ಬಳಸಬೇಡಿ. ಇಳಿಜಾರಿಗೆ ಅದು ನಡೆದೀತು, ಬ್ಲ್ಯಾಂಕಿಗೆ ನಡೆಯುವುದಿಲ್ಲ. 0.006 ಬಂದದ್ದು ರೀಏಜೆಂಟಿನ ಬಣ್ಣದಿಂದಾದರೆ ಅದೂ ಐದು ಪಟ್ಟು ಬೆಳೆಯುತ್ತದೆ. ಗಾಜಿನ ವ್ಯತ್ಯಾಸದಿಂದಾದರೆ ಬೆಳೆಯುವುದಿಲ್ಲ. ಉದ್ದ ಕ್ಯುವೆಟ್ಟಿನಲ್ಲೇ 0, 0.1, 0.2, 0.4, 0.6ರ ಹೊಸ ಸ್ಟ್ಯಾಂಡರ್ಡ್‌ಗಳನ್ನು ಮಾಡಿ. ದುಂಡು ಟೆಸ್ಟ್‌ಟ್ಯೂಬ್ ಹಾಕುವ ಕಲರಿಮೀಟರ್ ಆದರಂತೂ ಒಂದೇ ಟ್ಯೂಬನ್ನು, ಒಂದೇ ಗುರುತು ಮುಂದೆ ಬರುವ ಹಾಗೆ, ಎಲ್ಲಕ್ಕೂ ಬಳಸಿ. ದುಂಡು ಟ್ಯೂಬಿನಲ್ಲಿ l ಎಷ್ಟು ಅಂತ ಯಾರಿಗೂ ಸರಿಯಾಗಿ ಹೇಳಲು ಬರುವುದಿಲ್ಲ. ಸ್ಟ್ಯಾಂಡರ್ಡಿಗೂ ನೀರಿಗೂ ಅದು ಒಂದೇ ಆಗಿದ್ದರೆ ಸಾಕು.

ನೀವು ಕೇಳದ ಒಂದು ವಿಷಯ ಹೇಳಲೇಬೇಕು. ನೀರು ತಂದ ಕ್ಯಾನಿನ ತಳ ನೋಡಿದಿರಾ? ಬೋರ್‌ವೆಲ್ಲಿನಿಂದ ಬರುವಾಗ ಕಬ್ಬಿಣ ಕರಗಿದ ಫೆರಸ್ ರೂಪದಲ್ಲಿರುತ್ತದೆ, ನೀರು ತಿಳಿಯಾಗಿ ಕಾಣುತ್ತದೆ. ಗಾಳಿ ತಾಗಿದ ಮೇಲೆ ಕಂದು ಪುಡಿಯಾಗಿ ತಳಕ್ಕೆ ಕೂರುತ್ತದೆ. ನೀರಿನ ಲ್ಯಾಬಿನಲ್ಲಿ ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನು ಹಿಂದಿನ ದಿನ ಬಂದ ಕ್ಯಾನಿನ ಮೇಲಿನ ತಿಳಿನೀರನ್ನು ಪಿಪೆಟ್ಟಿನಲ್ಲಿ ತೆಗೆದು, ಕಬ್ಬಿಣ ತುಂಬಾ ಕಡಿಮೆ ಅಂತ ಬರೆದುಕೊಟ್ಟೆ. ಆ ಮನೆಯವರು ಕಂದು ಕಲೆಯ ಬಿಳಿ ಪಂಚೆ ಹಿಡಿದುಕೊಂಡು ವಾಪಸ್ ಬಂದರು. ಕ್ಯಾನ್ ಮಗುಚಿ ನೋಡಿದರೆ ತಳದಲ್ಲಿ ಬೆರಳಿಗೆ ಅಂಟುವಷ್ಟು ಕಂದು ಕೆಸರು. ಗೆರೆ ಚೆನ್ನಾಗಿತ್ತು, ಓದು ಚೆನ್ನಾಗಿತ್ತು, ಕಬ್ಬಿಣ ಮಾತ್ರ ಕ್ಯುವೆಟ್ಟಿನೊಳಗೆ ಬಂದೇ ಇರಲಿಲ್ಲ. ಅಂದಿನಿಂದ ಕಬ್ಬಿಣಕ್ಕೆ ಬೇರೆ ಬಾಟಲಿ ಕೊಟ್ಟು, ನೀರು ಹಿಡಿದ ಜಾಗದಲ್ಲೇ ಆಸಿಡ್ ಹಾಕಿಸುತ್ತೇನೆ.

ಹಾಗಾಗಿ ಇನ್ನೊಮ್ಮೆ ನೀರು ಹಿಡಿಯಿರಿ. ಮೋಟಾರ್ ಸ್ವಲ್ಪ ಹೊತ್ತು ಓಡಿದ ಮೇಲೆ ಹಿಡಿದು, ಅಲ್ಲೇ ಹೈಡ್ರೋಕ್ಲೋರಿಕ್ ಆಸಿಡ್ ಹಾಕಿ ಪಿಎಚ್ 2ಕ್ಕಿಂತ ಕೆಳಗೆ ಇಳಿಸಿ. ಲ್ಯಾಬಿನಲ್ಲಿ ಚೆನ್ನಾಗಿ ಕುಲುಕಿ, ಆಮೇಲೆ ಪಿಪೆಟ್ ಮಾಡಿ. ಹೈಡ್ರಾಕ್ಸಿಲಮೈನ್ ಹಾಕಿ ಬಿಸಿ ಮಾಡಿದರೆ ಫೆರಿಕ್ ಆಗಿದ್ದ ಕಬ್ಬಿಣವೂ ಫೆರಸ್‌ಗೆ ಬರುತ್ತದೆ. ಆರಿದ ಮೇಲೆ ಬಫರ್, ನಂತರ ಫಿನಾಂತ್ರೋಲೀನ್. ಬಣ್ಣ ಪೂರ್ತಿ ಏಳಲು 15 ನಿಮಿಷ ಬಿಡಿ. ನೀರು ಸ್ವಲ್ಪ ಮಬ್ಬಾಗಿದ್ದರೆ ಫಿನಾಂತ್ರೋಲೀನ್ ಬಿಟ್ಟು ಉಳಿದದ್ದೆಲ್ಲಾ ಹಾಕಿದ ಒಂದು ಫ್ಲಾಸ್ಕ್ ಬೇರೆ ಮಾಡಿ. ಅದು ಡಿಸ್ಟಿಲ್ಡ್ ವಾಟರಿಗಿಂತ ಎಷ್ಟು ಜಾಸ್ತಿ ಓದುತ್ತದೋ ಅಷ್ಟನ್ನು ನೀರಿನ ಓದಿನಿಂದ ಕಳೆಯಿರಿ. ಮಬ್ಬು ಕೂಡ ಬೆಳಕು ತಡೆಯುತ್ತದೆ, ಮೆಷಿನ್ನಿಗೆ ಅದು ಕಬ್ಬಿಣವೋ ಮಣ್ಣೋ ತಿಳಿಯುವುದಿಲ್ಲ.

ಈ ಹೊಸ ನೀರಿನ 10 ಮಿ.ಲೀ. ಮತ್ತು 5 ಮಿ.ಲೀ. ಫ್ಲಾಸ್ಕುಗಳು ಒಂದೇ ಉತ್ತರ ಕೊಟ್ಟರೆ ಅದನ್ನೇ ಬರೆಯಿರಿ, 12 ಆಗಿರಲಿ, 14 ಆಗಿರಲಿ. ಕ್ಯಾನಿನ ತಳದಲ್ಲಿ ಕಂದು ಪುಡಿ ಕಂಡಿದ್ದರೆ 12ಕ್ಕಿಂತ ಜಾಸ್ತಿಯೇ ಬರುತ್ತದೆ ಅಂತ ನನ್ನ ಅಂದಾಜು.